ಅಮ್ಮನ ರಕ್ತದ ರಿಪೋರ್ಟ್‌ನಲ್ಲಿ ಎಂಟು ಕೆಂಪು ಗುರುತು: ಓದುವುದು ಹೇಗೆ?

ಊರಿನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬರುತ್ತದೆ. ಅಮ್ಮನ ರಕ್ತ ಪರೀಕ್ಷೆಯ ರಿಪೋರ್ಟ್. ಕೆಳಗೆ ಒಂದೇ ಸಾಲು: "ಇದರಲ್ಲಿ ತುಂಬಾ ಕೆಂಪು ಇದೆಯಲ್ಲ, ಏನಿದು?" ಡಾಕ್ಟರನ್ನು ನೋಡುವುದು ನಾಳೆ ಸಂಜೆಗೆ. ಅಲ್ಲಿವರೆಗೆ ಮನೆಯವರೆಲ್ಲ ಫೋನ್ ಹಿಡಿದುಕೊಂಡು ಒಂದೊಂದೇ ಸಾಲನ್ನು ಗೂಗಲ್ ಮಾಡುತ್ತಾ ಕೂರುತ್ತಾರೆ. ಒಂದೊಂದು ಸಾಲಿಗೂ ಒಂದೊಂದು ದೊಡ್ಡ ಕಾಯಿಲೆಯ ಹೆಸರು ಸಿಗುತ್ತದೆ.

ಲ್ಯಾಬ್‌ಗಳು ಅತಿ ಹೆಚ್ಚು ಮಾಡುವ ಪರೀಕ್ಷೆಗಳಲ್ಲಿ ಒಂದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ಸುಸ್ತು ಅಂದರೂ ಇದನ್ನೇ ಬರೆಯುತ್ತಾರೆ, ಜ್ವರ ಅಂದರೂ ಇದನ್ನೇ ಬರೆಯುತ್ತಾರೆ. ಅದರದ್ದೇ ಒಂದು ರಿಪೋರ್ಟ್ ಇಟ್ಟುಕೊಂಡು ಸಾಲು ಸಾಲಾಗಿ ಓದೋಣ. ಅಂಕಿಗಳು ಉದಾಹರಣೆಗೆ ಬರೆದವು. ಆದರೆ ಈ ಥರದ ರಿಪೋರ್ಟ್ ನಮ್ಮಲ್ಲಿ ದಿನಾ ಬರುತ್ತದೆ. ಅಮ್ಮನಿಗೆ 47 ವರ್ಷ ಅಂದುಕೊಳ್ಳಿ. ಮೂರು ನಾಲ್ಕು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು.

```
Hemoglobin        9.8  L  g/dL       12.0-15.0
RBC Count         4.30    mill/cumm  3.80-4.80
PCV               31.0 L  %          36.0-46.0
MCV               72.1 L  fL         83.0-101.0
MCH               22.8 L  pg         27.0-32.0
MCHC              31.6    g/dL       31.5-34.5
RDW-CV            17.6 H  %          11.6-14.0
WBC Count         6800    /cumm      4000-10000
Lymphocytes       42   H  %          20-40
Abs. Lymphocytes  2856    /cumm      1000-3000
Platelet Count    432  H  10^3/uL    150-410
ESR               34   H  mm/hr      0-20
```

ಸಾಲಿನ ಮೊದಲಿಗೆ ಪರೀಕ್ಷೆಯ ಹೆಸರು, ಆಮೇಲೆ ಅಮ್ಮನ ಅಂಕಿ, ಅದರ ಪಕ್ಕ ಅಳತೆಯ ಮಾನ, ಕೊನೆಗೆ ಲ್ಯಾಬ್ ಕೊಟ್ಟ ರೇಂಜ್. ಅಂಕಿ ರೇಂಜ್‌ಗಿಂತ ಕಡಿಮೆ ಇದ್ದರೆ `L`, ಜಾಸ್ತಿ ಇದ್ದರೆ `H`. ಕೆಲವು ಲ್ಯಾಬ್‌ಗಳು ಅಕ್ಷರದ ಬದಲು ಬಾಣ ಹಾಕುತ್ತವೆ, ಕೆಲವು ದಪ್ಪಗೆ ಮುದ್ರಿಸುತ್ತವೆ, ಆಪ್‌ನಲ್ಲಾದರೆ ಕೆಂಪು ಬಣ್ಣ. ಈ ಗುರುತನ್ನು ಯಾರೂ ಯೋಚಿಸಿ ಹಾಕಿದ್ದಲ್ಲ. ಅಂಕಿ ಗೆರೆ ದಾಟಿದ ಕೂಡಲೇ ಕಂಪ್ಯೂಟರ್ ಹಾಕಿಬಿಡುತ್ತದೆ. ಕೂದಲೆಳೆಯಷ್ಟು ದಾಟಿದರೂ ಅದೇ ಕೆಂಪು, ಮೈಲಿ ದಾಟಿದರೂ ಅದೇ ಕೆಂಪು.

ಇಲ್ಲಿ ಎಂಟು ಗುರುತು ಇವೆ. ಎಂಟು ಕಾಯಿಲೆ ಇಲ್ಲ.

## ಮೊದಲು ಸ್ಕ್ರೀನ್‌ಶಾಟ್‌ನಲ್ಲಿ ಏನು ಕತ್ತರಿಸಿ ಹೋಗಿದೆ ನೋಡಿ

ಸ್ಕ್ರೀನ್‌ಶಾಟ್‌ನ ದೊಡ್ಡ ತೊಂದರೆ ಅಂದರೆ, ಕೆಂಪು ಇದ್ದ ಜಾಗವನ್ನಷ್ಟೇ ಹಿಡಿದು ಕಳಿಸಿರುತ್ತಾರೆ. ಪುಟದ ತಲೆ ಮತ್ತು ಬುಡ ಎರಡೂ ಇರುವುದಿಲ್ಲ. ಓದುವವರಿಗೆ ಬೇಕಾದ ಅರ್ಧ ವಿಷಯ ಅಲ್ಲೇ ಇರುತ್ತದೆ. ಹಾಗಾಗಿ ಮೊದಲು ಪೂರ್ತಿ ಪಿಡಿಎಫ್ ಕೇಳಿ ತರಿಸಿಕೊಳ್ಳಿ.

ತಲೆಯಲ್ಲಿ ಹೆಸರು, ವಯಸ್ಸು, ಗಂಡಸೋ ಹೆಂಗಸೋ ಅನ್ನುವುದು, ರಕ್ತ ತೆಗೆದ ದಿನ ಇರುತ್ತವೆ. ಕಂಪ್ಯೂಟರ್ ರೇಂಜ್ ಆರಿಸುವುದೇ ಈ ವಯಸ್ಸು ಮತ್ತು ಲಿಂಗ ನೋಡಿಕೊಂಡು. ಮನೆಗೇ ಬಂದು ರಕ್ತ ತೆಗೆಯುವ ಸೇವೆಯನ್ನು ಮಗ ತನ್ನ ಫೋನಿನಿಂದ ಬುಕ್ ಮಾಡುತ್ತಾನೆ. ಆತುರದಲ್ಲಿ ಅಮ್ಮನ ವಿವರ ತುಂಬಿಸುವ ಬದಲು ತನ್ನ ವಿವರವನ್ನೇ ಬಿಟ್ಟಿರುತ್ತಾನೆ. ಆಗ ಅಮ್ಮನ ರಕ್ತಕ್ಕೆ ಗಂಡಸರ ರೇಂಜ್ ಬೀಳುತ್ತದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12ರಿಂದ ಶುರುವಾದರೆ ಗಂಡಸರಿಗೆ 13ರಿಂದ. ಅಮ್ಮನ ಹಿಮೋಗ್ಲೋಬಿನ್ 12.4 ಇದ್ದರೆ ಸರಿಯಾಗಿಯೇ ಇದೆ, ಆದರೆ ರಿಪೋರ್ಟ್ ಮಾತ್ರ `L` ಅನ್ನುತ್ತದೆ. ಬಸುರಿಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗೆರೆ 11, ನಡುವಿನ ಮೂರು ತಿಂಗಳಲ್ಲಿ 10.5. ಲ್ಯಾಬ್‌ಗೆ ಬಸುರಿ ಅನ್ನುವುದು ಗೊತ್ತಿಲ್ಲದಿದ್ದರೆ 11.3 ಕೂಡ ಕೆಂಪಾಗಿ ಬರುತ್ತದೆ.

ಆಮೇಲೆ ಮಾನ ನೋಡಿ. ಹೆಚ್ಚು ಜನ ಗಾಬರಿ ಬೀಳುವುದು ಪ್ಲೇಟ್‌ಲೆಟ್ ಸಾಲಿನಲ್ಲಿ. ಡೆಂಗಿ ಕಾಲದಲ್ಲಿ "ಒಂದೂವರೆ ಲಕ್ಷಕ್ಕಿಂತ ಕೆಳಗೆ ಹೋಗಬಾರದು" ಅಂತ ಎಲ್ಲರಿಗೂ ಬಾಯಿಪಾಠ ಆಗಿದೆ. ಈ ರಿಪೋರ್ಟ್‌ನಲ್ಲಿ ನೋಡಿದರೆ ಬರೀ 432! ಪಕ್ಕದಲ್ಲಿರುವ `10^3/uL` ಅಂದರೆ ಅಂಕಿಯನ್ನು ಸಾವಿರದಿಂದ ಗುಣಿಸಬೇಕು ಅಂತ. 432 ಸಾವಿರ, ಅಂದರೆ 4 ಲಕ್ಷದ 32 ಸಾವಿರ. ಕಡಿಮೆ ಅಲ್ಲ, ಸ್ವಲ್ಪ ಜಾಸ್ತಿಯೇ. ಬೇರೆ ಲ್ಯಾಬ್ ಇದನ್ನೇ 4.32 ಲಕ್ಷ ಅಂತ ಮುದ್ರಿಸುತ್ತದೆ. ಎರಡು ಲ್ಯಾಬ್‌ನ ರಿಪೋರ್ಟ್ ಪಕ್ಕ ಪಕ್ಕ ಇಟ್ಟು ನೋಡುವಾಗ ಮಾನ ನೋಡದೆ ಅಂಕಿ ಹೋಲಿಸಿದರೆ ಹೀಗೇ ಆಗುತ್ತದೆ.

ಬುಡದಲ್ಲಿ ಇನ್ನೊಂದು ವಿಷಯ ಇರುತ್ತದೆ. ಕೆಲವು ಲ್ಯಾಬ್‌ಗಳಲ್ಲಿ ಪೆಥಾಲಜಿ ಡಾಕ್ಟರು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿ ಒಂದೆರಡು ಸಾಲು ಬರೆದಿರುತ್ತಾರೆ. ನಮ್ಮ ಉದಾಹರಣೆಯ ರಿಪೋರ್ಟ್‌ನಲ್ಲಾದರೆ ಅಲ್ಲಿ 'ಮೈಕ್ರೋಸೈಟಿಕ್ ಹೈಪೋಕ್ರೋಮಿಕ್' ಅಂತ ಇರುತ್ತಿತ್ತು. ಸಣ್ಣ ಗಾತ್ರದ, ಬಣ್ಣ ಮಾಸಿದ ಕಣಗಳು ಅಂತ ಅರ್ಥ. ಇಡೀ ರಿಪೋರ್ಟ್‌ನಲ್ಲಿ ಮನುಷ್ಯರು ನೋಡಿ ಬರೆದ ಮಾತು ಅದೊಂದೇ ಇರಬಹುದು. ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿಸಿ ಹೋಗುವುದೂ ಅದೇ.

## ಆ ರೇಂಜ್ ಎಲ್ಲಿಂದ ಬಂತು?

ರೇಂಜ್ ಅಂದರೆ ಆರೋಗ್ಯಕ್ಕೂ ಕಾಯಿಲೆಗೂ ನಡುವಿನ ಗೋಡೆ ಅಂತ ನಾವು ಅಂದುಕೊಳ್ಳುತ್ತೇವೆ. ಅದನ್ನು ಮಾಡುವ ರೀತಿ ನೋಡಿದರೆ ಹಾಗಲ್ಲ ಅಂತ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಜನರನ್ನು ಆರಿಸಿಕೊಳ್ಳುತ್ತಾರೆ. ಕಡಿಮೆ ಅಂದರೂ 120 ಮಂದಿ ಇರಬೇಕು ಅನ್ನುವುದು ಲ್ಯಾಬ್‌ಗಳು ಪಾಲಿಸುವ ಅಂತರರಾಷ್ಟ್ರೀಯ ಸಲಹೆ. ಅವರೆಲ್ಲರ ರಕ್ತ ಪರೀಕ್ಷೆ ಮಾಡಿ, ಬಂದ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತಾರೆ. ಕೆಳಗಿನ ತುದಿಯಿಂದ ನೂರಕ್ಕೆ ಎರಡೂವರೆ, ಮೇಲಿನ ತುದಿಯಿಂದ ನೂರಕ್ಕೆ ಎರಡೂವರೆ ಬಿಟ್ಟುಬಿಡುತ್ತಾರೆ. ನಡುವೆ ಉಳಿದ 95 ಪಾಲೇ ರೇಂಜ್.

ಬಿಟ್ಟುಹೋದ ಐದು ಪಾಲಿನವರೂ ಆರೋಗ್ಯವಂತರೇ ಅನ್ನುವುದನ್ನು ಗಮನಿಸಿ. ಅಂದರೆ ಚೆನ್ನಾಗಿರುವ ಇಪ್ಪತ್ತು ಜನರಲ್ಲಿ ಒಬ್ಬರಿಗೆ, ಯಾವುದೇ ಒಂದು ಪರೀಕ್ಷೆಯಲ್ಲಿ, ಕೆಂಪು ಗುರುತು ಬಂದೇ ಬರುತ್ತದೆ. ಈಗ 'ಫುಲ್ ಬಾಡಿ ಚೆಕಪ್' ಅಂತ ಒಟ್ಟಿಗೆ ಹತ್ತಾರು ಪರೀಕ್ಷೆ ಮಾಡಿಸುತ್ತೇವಲ್ಲ, ಅಲ್ಲಿ ಲೆಕ್ಕ ಹೀಗಿದೆ: ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಕೆಂಪು ಬರುವ ಸಾಧ್ಯತೆ ನೂರಕ್ಕೆ ಸುಮಾರು 64. ಒಂದೂ ಕೆಂಪಿಲ್ಲದೆ ರಿಪೋರ್ಟ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 36 ಅಷ್ಟೇ.

ಹಾಗಂತ ಗುರುತುಗಳನ್ನೆಲ್ಲ ಸುಮ್ನೆ ತಳ್ಳಿಹಾಕುವಂತಿಲ್ಲ. ಅಂಕಿ ಗೆರೆಯಿಂದ ಎಷ್ಟು ದೂರ ಹೋಗಿದೆ, ಅದರ ಸಂಬಂಧಿಕ ಅಂಕಿಗಳೂ ಅದೇ ದಿಕ್ಕಿಗೆ ವಾಲಿವೆಯಾ, ಹಳೇ ರಿಪೋರ್ಟ್‌ನಲ್ಲಿ ಎಷ್ಟಿತ್ತು. ಡಾಕ್ಟರು ನೋಡುವುದು ಈ ಮೂರನ್ನು. ಗೆರೆ 40 ಇರುವ ಕಡೆ 42 ಬಂದಿರುವುದು ಗೆರೆಯ ಮೇಲೆ ಕಾಲಿಟ್ಟ ಹಾಗೆ. ಗೆರೆ 83 ಇರುವ ಕಡೆ 72 ಬಂದಿರುವುದು ಬೇರೆ ಮಾತು. ಬಣ್ಣ ಎರಡಕ್ಕೂ ಒಂದೇ.

## ಐದು ಗುರುತು ಹೇಳುವುದು ಒಂದೇ ಮಾತು

ಈಗ ನಮ್ಮ ರಿಪೋರ್ಟ್‌ಗೆ ಬರೋಣ. ಕೆಂಪು ರಕ್ತಕಣದ ಒಳಗಿರುವ, ಆಮ್ಲಜನಕ ಹೊರುವ ವಸ್ತುವೇ ಹಿಮೋಗ್ಲೋಬಿನ್. ಅದನ್ನು ಮಾಡಲು ಕಬ್ಬಿಣ ಬೇಕು. ಅಮ್ಮನಿಗೆ ಅದು 9.8 ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಬಸುರಿ ಅಲ್ಲದ ಹೆಂಗಸರಲ್ಲಿ 11ರಿಂದ 11.9 ಇದ್ದರೆ ಸಣ್ಣ ಪ್ರಮಾಣದ ರಕ್ತಹೀನತೆ, 8ರಿಂದ 10.9 ಇದ್ದರೆ ಮಧ್ಯಮ, 8ಕ್ಕಿಂತ ಕೆಳಗೆ ಹೋದರೆ ತೀವ್ರ. ಅಮ್ಮನದು ಮಧ್ಯಮ. ಸುಸ್ತು, ಏದುಸಿರಿಗೆ ಇದೇ ಕಾರಣ ಇರಬಹುದು.

ಮುಂದಿನ ಸಾಲು ಪಿಸಿವಿ, ಅಂದರೆ ಒಟ್ಟು ರಕ್ತದಲ್ಲಿ ಕೆಂಪು ಕಣಗಳು ನೂರಕ್ಕೆ ಎಷ್ಟು ಜಾಗ ಹಿಡಿದಿವೆ ಅನ್ನುವುದು. ಎಂಸಿವಿ ಅಂದರೆ ಒಂದೊಂದು ಕಣದ ಸರಾಸರಿ ಗಾತ್ರ. ಎಂಸಿಎಚ್ ಅಂದರೆ ಒಂದೊಂದು ಕಣದೊಳಗೆ ಸರಾಸರಿ ಎಷ್ಟು ಹಿಮೋಗ್ಲೋಬಿನ್ ತುಂಬಿದೆ ಅನ್ನುವುದು. ಮೂರೂ ಕೆಂಪು. ಆದರೆ ಯಂತ್ರ ಇವನ್ನೆಲ್ಲ ಬೇರೆ ಬೇರೆಯಾಗಿ ಅಳೆದಿಲ್ಲ. ಕೆಲವನ್ನು ಮಾತ್ರ ನೇರವಾಗಿ ಅಳೆದು, ಉಳಿದದ್ದನ್ನು ಲೆಕ್ಕ ಹಾಕಿ ಕೊಟ್ಟಿದೆ. ನೀವೇ ಕ್ಯಾಲ್ಕ್ಯುಲೇಟರ್ ಹಿಡಿದು ನೋಡಬಹುದು:

```
MCV x RBC / 10 = PCV    72.1 x 4.30 / 10 = 31.0
Hb x 10 / RBC  = MCH    9.8 x 10 / 4.30  = 22.8
```

ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆ. ಹಿಮೋಗ್ಲೋಬಿನ್ ಇಳಿದು, ಕಣ ಸಣ್ಣದಾದರೆ ಉಳಿದವೂ ಇಳಿಯಲೇಬೇಕು. ಮನೆಯಲ್ಲಿ ಫ್ಯೂಸ್ ಹೋದಾಗ ಫ್ಯಾನು, ಟಿವಿ, ಮಿಕ್ಸಿ ಮೂರೂ ನಿಲ್ಲುತ್ತವೆ, ಅಲ್ವಾ? ಮೂರು ರಿಪೇರಿಯವರನ್ನು ಯಾರೂ ಕರೆಯುವುದಿಲ್ಲ. ಇದೂ ಹಾಗೆಯೇ.

ಇವುಗಳ ಜೊತೆ ಆರ್‌ಬಿಸಿ ಸಾಲನ್ನೂ ಓದಿ. ಅದಕ್ಕೆ ಕೆಂಪು ಇಲ್ಲದ ಕಾರಣ ಯಾರೂ ಅದರ ಕಡೆ ನೋಡುವುದಿಲ್ಲ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 43 ಲಕ್ಷ ಕೆಂಪು ಕಣ ಇವೆ, ಅಂದರೆ ಸಂಖ್ಯೆ ಸರಿಯಾಗಿದೆ. ಕಣಗಳ ಎಣಿಕೆಗೆ ಕೊರತೆ ಇಲ್ಲ. ಪ್ರತಿ ಕಣವೂ ಸಣ್ಣದಾಗಿದೆ, ಒಳಗೆ ತುಂಬಲು ಸರಕು ಸಾಲದೆ ಬಂದಿದೆ.

ಐದನೆಯ ಗುರುತು ಆರ್‌ಡಿಡಬ್ಲ್ಯೂ. ಕಣಗಳ ಗಾತ್ರ ಒಂದೇ ಸಮ ಇದೆಯಾ, ಹೆಚ್ಚುಕಮ್ಮಿ ಇದೆಯಾ ಅನ್ನುವುದನ್ನು ಇದು ಹೇಳುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಇವತ್ತಿನ ರಕ್ತದಲ್ಲಿ ನಾಲ್ಕು ತಿಂಗಳ ಹಿಂದೆ ಹುಟ್ಟಿದ ಕಣವೂ ಇದೆ, ನಿನ್ನೆ ಹುಟ್ಟಿದ ಕಣವೂ ಇದೆ. ದೇಹದ ಕಬ್ಬಿಣ ಮೆಲ್ಲಗೆ ಖಾಲಿಯಾಗುತ್ತಾ ಬಂದರೆ ಹಳೇ ಕಣಗಳು ದೊಡ್ಡವು, ಹೊಸ ಕಣಗಳು ಚಿಕ್ಕವು. ಗಾತ್ರದಲ್ಲಿ ಅಂತರ ಹೆಚ್ಚಾಗಿ ಆರ್‌ಡಿಡಬ್ಲ್ಯೂ ಏರುತ್ತದೆ. 17.6 ಅಂದರೆ ಕೊರತೆ ಇನ್ನೂ ನಡೆಯುತ್ತಲೇ ಇದೆ ಅನ್ನುವುದರ ಸುಳಿವು.

ಸರಾಸರಿ ಗಾತ್ರವೊಂದನ್ನೇ ನಂಬಿದರೆ ಎಡವುವ ಜಾಗವೂ ಇಲ್ಲೇ ಇದೆ. ಬಿ12 ವಿಟಮಿನ್ ಕಡಿಮೆಯಾದರೆ ಕಣಗಳು ದೊಡ್ಡದಾಗುತ್ತವೆ, ಕಬ್ಬಿಣ ಕಡಿಮೆಯಾದರೆ ಸಣ್ಣದಾಗುತ್ತವೆ. ಎರಡೂ ಒಟ್ಟಿಗೆ ಕಡಿಮೆಯಿದ್ದರೆ, ಸಸ್ಯಾಹಾರಿಗಳಲ್ಲಿ ಇದು ಅಪರೂಪವೇನಲ್ಲ, ದೊಡ್ಡವೂ ಸಣ್ಣವೂ ಸೇರಿ ಸರಾಸರಿ ಸರಿಯಾಗಿಯೇ ಬಂದುಬಿಡುತ್ತದೆ. ಎಂಸಿವಿ 88, ಕೆಂಪು ಇಲ್ಲ. ಆಗ ಆರ್‌ಡಿಡಬ್ಲ್ಯೂ ಒಂದೇ ಮೇಲೆ ನಿಂತು ಸುಳಿವು ಕೊಡುತ್ತಿರುತ್ತದೆ.

## ಪ್ಲೇಟ್‌ಲೆಟ್ ಮತ್ತು ಇಎಸ್‌ಆರ್

ಇವೆರಡೂ ನೋಡಲು ಬೇರೆ ವಿಷಯದ ಹಾಗೆ ಕಾಣುತ್ತವೆ, ಆದರೆ ಇದೇ ಮನೆಯವು. ಕಬ್ಬಿಣದ ಕೊರತೆ ಇರುವವರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಏರುವುದು ಮಾಮೂಲು. 4.32 ಲಕ್ಷ, ಗೆರೆ 4.10 ಲಕ್ಷ. ಕಬ್ಬಿಣ ಸರಿಹೋದರೆ ಇದೂ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಇಳಿಯದೆ ಏರುತ್ತಲೇ ಹೋದರೆ ಆಗ ಡಾಕ್ಟರು ಬೇರೆ ಕಾರಣ ಹುಡುಕುತ್ತಾರೆ.

ಇಎಸ್‌ಆರ್ ಅಂದರೆ ಉದ್ದನೆಯ ಕೊಳವೆಯಲ್ಲಿ ನಿಲ್ಲಿಸಿದ ರಕ್ತದಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತವೆ ಅನ್ನುವ ಅಳತೆ. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಬೇಗ ಇಳಿಯುತ್ತವೆ. ರಕ್ತಹೀನತೆ ಇದ್ದರೂ ಬೇಗ ಇಳಿಯುತ್ತವೆ. ವಯಸ್ಸಾದ ಹಾಗೆಯೂ ಸ್ವಲ್ಪ ಏರುತ್ತದೆ. ಹಿಮೋಗ್ಲೋಬಿನ್ 9.8 ಇರುವವರಲ್ಲಿ ಇಎಸ್‌ಆರ್ 34 ಬಂದರೆ ಅದೊಂದನ್ನೇ ಹಿಡಿದು ಕ್ಷಯ, ಸಂಧಿವಾತ ಅಂತ ಯೋಚಿಸಲು ಆಧಾರ ಸಾಲದು. ಜೊತೆಗೆ ಜ್ವರ, ತೂಕ ಇಳಿಕೆ, ಕೀಲುಬಾವು ಇದ್ದರೆ ಮಾತ್ರ ಬೇರೆ.

## ಲಿಂಫೋಸೈಟ್: ಶೇಕಡಾ ನೋಡಿ ಹೆದರುವ ಸಾಲು

ಈ ಒಂದು ಸಾಲು ಎಷ್ಟು ಮನೆಯಲ್ಲಿ ನಿದ್ದೆ ಕೆಡಿಸಿದೆಯೋ. ಲಿಂಫೋಸೈಟ್ ಜಾಸ್ತಿ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ರಕ್ತದ ಕ್ಯಾನ್ಸರ್.

ಬಿಳಿ ರಕ್ತಕಣಗಳಲ್ಲಿ ಐದು ಬಗೆ. ಯಂತ್ರ ಅವನ್ನು ನೂರಕ್ಕೆ ಇಷ್ಟಿಷ್ಟು ಅಂತ ಹಂಚಿ ತೋರಿಸುತ್ತದೆ. ಒಟ್ಟು ನೂರೇ ಇರಬೇಕಾದ ಕಾರಣ ಒಂದು ಬಗೆ ಸ್ವಲ್ಪ ಕಡಿಮೆಯಾದರೆ ಇನ್ನೊಂದು ತಾನಾಗಿ ಜಾಸ್ತಿ ಕಾಣುತ್ತದೆ. ನಿಜವಾಗಿ ಜಾಸ್ತಿಯಾಗಿದೆಯೋ ಇಲ್ಲವೋ ತಿಳಿಯಲು ತಲೆ ಎಣಿಕೆ ಬೇಕು. ಅಮ್ಮನ ಒಟ್ಟು ಬಿಳಿ ಕಣ 6800. ಅದರಲ್ಲಿ ನೂರಕ್ಕೆ 42 ಅಂದರೆ 2856. ರಿಪೋರ್ಟ್‌ನಲ್ಲಿ `Abs. Lymphocytes` ಅಂತ ಇರುವುದು ಇದೇ ಅಂಕಿ. ರೇಂಜ್ 1000ದಿಂದ 3000. ಸರಿಯಾಗಿಯೇ ಇದೆ, ಕೆಂಪೂ ಇಲ್ಲ.

ಹೀಗೆ ಶೇಕಡಾ ಕೆಂಪಾಗಿ, ಎಣಿಕೆ ಸರಿಯಿದ್ದರೆ ಎಣಿಕೆಯ ಮಾತೇ ಮಾತು. ಎಂಟು ಗುರುತಿನಲ್ಲಿ ಇದೊಂದು ಲೆಕ್ಕಕ್ಕೇ ಇಲ್ಲದ್ದು. ಕೆಲವು ರಿಪೋರ್ಟ್‌ಗಳಲ್ಲಿ ಎಣಿಕೆಯ ಸಾಲು ಇರುವುದೇ ಇಲ್ಲ. ಆಗ ಒಟ್ಟು ಬಿಳಿ ಕಣವನ್ನು ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಸಿಕ್ಕಿತು.

## ಸಣ್ಣ ಕಣ ಅಂದರೆ ಕಬ್ಬಿಣದ ಕೊರತೆಯೇ ಅಂತ ಹೇಳಬಹುದಾ?

ಹೆಚ್ಚಿನ ಸಲ ಹೌದು, ಆದರೆ ಯಾವಾಗಲೂ ಅಲ್ಲ. ಕಣ ಸಣ್ಣದಾಗಲು ಇನ್ನೊಂದು ಸಾಮಾನ್ಯ ಕಾರಣ ತಲಸೇಮಿಯಾ ಟ್ರೇಟ್. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದ ಗುಣ ಅದು. ಹೊತ್ತವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ, ಗೊತ್ತೂ ಇರುವುದಿಲ್ಲ. ಸಿಂಧಿ, ಪಂಜಾಬಿ, ಗುಜರಾತಿ ಮನೆತನಗಳಲ್ಲಿ ಜಾಸ್ತಿ, ಆದರೆ ಯಾರಲ್ಲೂ ಇರಬಹುದು.

ಎರಡನ್ನೂ ಬೇರೆ ಮಾಡಲು ಆರ್‌ಬಿಸಿ ಎಣಿಕೆ ನೆರವಾಗುತ್ತದೆ. ಕಬ್ಬಿಣವಿಲ್ಲದ ದೇಹ ಹೆಚ್ಚು ಕಣ ಮಾಡಲಾರದು. ಟ್ರೇಟ್ ಮಾತ್ರ ಇರುವ ದೇಹಕ್ಕೆ ಕಬ್ಬಿಣದ ಕೊರತೆ ಇಲ್ಲ, ಹಾಗಾಗಿ ಸಣ್ಣ ಕಣಗಳನ್ನೇ ರಾಶಿ ರಾಶಿ ಮಾಡುತ್ತದೆ. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ ನೋಡುವುದು ಡಾಕ್ಟರುಗಳ ಹಳೇ ಕೈಲೆಕ್ಕ. 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆ, ಕಡಿಮೆ ಬಂದರೆ ಟ್ರೇಟ್ ಕಡೆ ವಾಲುತ್ತದೆ. ಅಮ್ಮನದು 72.1 ಭಾಗಿಸು 4.30, ಅಂದರೆ 16.8. ಇನ್ನೊಬ್ಬರಿಗೆ ಹಿಮೋಗ್ಲೋಬಿನ್ 11.2, ಆರ್‌ಬಿಸಿ 5.6, ಎಂಸಿವಿ 64 ಇದೆ ಅನ್ನಿ. ಭಾಗಿಸಿದರೆ 11.4. ಅವರ ಹಿಮೋಗ್ಲೋಬಿನ್ ಅಮ್ಮನಿಗಿಂತ ಚೆನ್ನಾಗಿದೆ, ಆದರೆ ಕಣ ಇನ್ನೂ ಸಣ್ಣ. ಅನುಮಾನ ಬರಬೇಕಾದ್ದು ಅಲ್ಲಿ.

ಇದು ಊಹೆಯ ಲೆಕ್ಕ ಅಷ್ಟೇ, ತೀರ್ಪಲ್ಲ. ಟ್ರೇಟ್ ಇದೆಯೇ ಅಂತ ಖಚಿತ ಮಾಡಲು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಅನ್ನುವ ಬೇರೆ ಪರೀಕ್ಷೆ ಮಾಡುತ್ತಾರೆ. ಟ್ರೇಟ್ ಮಾತ್ರ ಇದ್ದು ಕಬ್ಬಿಣ ಸರಿಯಿದ್ದವರು ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಕಣ ದೊಡ್ಡದಾಗುವುದಿಲ್ಲ. ರಿಪೋರ್ಟ್ ನೋಡಿ ಮೆಡಿಕಲ್ ಶಾಪ್‌ನಿಂದ ನೇರವಾಗಿ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

## ಫೆರಿಟಿನ್: ಕೆಂಪಿಲ್ಲದೆಯೂ ಕಡಿಮೆ

ಡಾಕ್ಟರು ಮುಂದೆ ಬರೆಯುವುದು ಬಹುಶಃ ಫೆರಿಟಿನ್. ದೇಹ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅನ್ನುವುದನ್ನು ಹೇಳುವ ಪರೀಕ್ಷೆ ಅದು. ಕೊರತೆ ಶುರುವಾದಾಗ ಮೊದಲು ಖಾಲಿಯಾಗುವುದೂ ಈ ಕೂಡಿಟ್ಟದ್ದೇ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ.

ಇಲ್ಲಿ ರಿಪೋರ್ಟ್ ತಲೆಕೆಳಗಾಗಿ ಮೋಸ ಮಾಡಬಹುದು. ಅಮ್ಮನ ಫೆರಿಟಿನ್ 12 ಬಂತು, ಲ್ಯಾಬ್‌ನ ರೇಂಜ್ 10ರಿಂದ ಶುರುವಾಗುತ್ತದೆ ಅನ್ನಿ. ಕೆಂಪು ಗುರುತು ಬರುವುದಿಲ್ಲ. ಮನೆಯವರು "ಸದ್ಯ, ಇದು ನಾರ್ಮಲ್" ಅಂತ ನಿಟ್ಟುಸಿರು ಬಿಡುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ, ಬೇರೆ ಕಾಯಿಲೆ ಇಲ್ಲದ ವಯಸ್ಕರಲ್ಲಿ 15ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಲ್ಯಾಬ್‌ನ ಗೆರೆ ಯಾಕೆ ಕೆಳಗಿದೆ? ರೇಂಜ್ ಮಾಡಲು ಆರಿಸಿದ 'ಆರೋಗ್ಯವಂತ' ಹೆಂಗಸರಲ್ಲೇ ಕೆಲವರಿಗೆ ಗೊತ್ತಿಲ್ಲದ ಹಾಗೆ ಕಬ್ಬಿಣದ ಕೊರತೆ ಇದ್ದರೆ, ಅವರ ಕಡಿಮೆ ಅಂಕಿಯೂ ಸೇರಿ ಗೆರೆ ಕೆಳಗೆ ಜಗ್ಗುತ್ತದೆ.

ಇನ್ನೊಂದು ಕಡೆಯಿಂದಲೂ ದಾರಿ ತಪ್ಪಬಹುದು. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಹಾಗಿರುವವರಿಗೆ ಅದೇ ಮಾರ್ಗಸೂಚಿ ಗೆರೆಯನ್ನು 70ಕ್ಕೆ ಏರಿಸಿದೆ. ಅಮ್ಮನಿಗೆ ಕಳೆದ ವಾರವಷ್ಟೇ ಜ್ವರ ಬಂದಿದ್ದರೆ ಡಾಕ್ಟರಿಗೆ ಅದನ್ನು ಹೇಳಲೇಬೇಕು. ರಿಪೋರ್ಟ್‌ಗೆ ಅದು ಗೊತ್ತಿರುವುದಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಒಂದು ಮಾತು. ಕಬ್ಬಿಣದ ಕೊರತೆ ಇದ್ದಾಗ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ ಸರಾಸರಿಯ ಪರೀಕ್ಷೆ, ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಅದನ್ನು ನೋಡಿ ಮಾತ್ರೆ ಬದಲಾಯಿಸುವ ಮುಂಚೆ ಡಾಕ್ಟರಿಗೆ ಎರಡೂ ರಿಪೋರ್ಟ್ ಒಟ್ಟಿಗೆ ತೋರಿಸಿ.

## ಕಬ್ಬಿಣ ಎಲ್ಲಿ ಹೋಯಿತು?

ರಿಪೋರ್ಟ್ ಹೇಳಬಲ್ಲದ್ದು ಕೊರತೆ ಇದೆ ಅನ್ನುವ ತನಕ. ಯಾಕೆ ಅನ್ನುವುದು ಅದರಲ್ಲಿ ಇಲ್ಲ. ಅದಕ್ಕೆ ಮನೆಯವರ ಮಾತು ಬೇಕು. ಫೋನಿನಲ್ಲಿ ಅಮ್ಮನನ್ನು ಕೇಳಬೇಕಾದ್ದೂ ಇದನ್ನೇ.

47ರ ವಯಸ್ಸಿನಲ್ಲಿ ಮೊದಲ ಅನುಮಾನ ಮುಟ್ಟಿನ ಮೇಲೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ರಕ್ತ ಜಾಸ್ತಿ ಹೋಗುವುದುಂಟು, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೆ ಇನ್ನೂ ಜಾಸ್ತಿ. "ಈ ವಯಸ್ಸಲ್ಲಿ ಎಲ್ಲರಿಗೂ ಹೀಗೇ" ಅಂತ ಅಮ್ಮಂದಿರು ಹೇಳಿಕೊಳ್ಳುವುದೇ ಇಲ್ಲ. ಎಷ್ಟು ದಿನ ಇರುತ್ತದೆ, ಗಟ್ಟಿ ಗಟ್ಟಿಯಾಗಿ ಹೋಗುತ್ತದಾ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತದಾ ಅಂತ ನೇರವಾಗಿ ಕೇಳಬೇಕು. ಮಗ ಕೇಳಿದರೆ ಉತ್ತರ ಬರುವುದು ಕಷ್ಟ, ಅಕ್ಕನೋ ಚಿಕ್ಕಮ್ಮನೋ ಕೇಳಲಿ.

ಮಂಡಿನೋವಿಗೆ ನೋವಿನ ಮಾತ್ರೆ ನುಂಗುತ್ತಿದ್ದಾರಾ? ಅವು ಹೊಟ್ಟೆಯೊಳಗೆ ಹುಣ್ಣು ಮಾಡಿ ಹನಿ ಹನಿಯಾಗಿ ರಕ್ತ ಸೋರಿಸಬಲ್ಲವು. ಮೂಲವ್ಯಾಧಿಯ ರಕ್ತಸ್ರಾವ, ಬರಿಗಾಲಲ್ಲಿ ತೋಟ ಗದ್ದೆಯಲ್ಲಿ ಓಡಾಡುವವರಿಗೆ ಕೊಕ್ಕೆಹುಳು, ಊಟದ ಜೊತೆಗೇ ಕುಡಿಯುವ ಕಾಫಿ ಟೀ. ಎಲ್ಲವೂ ಕಾರಣದ ಪಟ್ಟಿಯಲ್ಲಿವೆ.

ಇದೇ ರಿಪೋರ್ಟ್ 60 ದಾಟಿದ ಅಜ್ಜಿಯದೋ, ಅಪ್ಪನದೋ ಆಗಿದ್ದರೆ ಅರ್ಥ ಬದಲಾಗುತ್ತದೆ. ಮುಟ್ಟಿನಲ್ಲಿ ರಕ್ತ ಹೋಗುವ ದಾರಿ ಅವರಿಗೆ ಇಲ್ಲ. ಹಾಗಾಗಿ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಲೇಬೇಕು. ಡಾಕ್ಟರು ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಿ ಅಂದರೆ ದುಡ್ಡು ಕೀಳಲು ಹೇಳಿದರು ಅಂತ ತಿಳಿಯಬೇಡಿ. ಕರುಳಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದೇ ಹೀಗೆ, ಬರೀ ರಕ್ತಹೀನತೆಯಾಗಿ.

## ನಾಳೆ ಸಂಜೆವರೆಗೆ ಕಾಯಬಾರದ್ದು ಯಾವಾಗ?

ಹಿಮೋಗ್ಲೋಬಿನ್ 9.8 ಇದ್ದು, ಅಮ್ಮ ಮನೆಯಲ್ಲಿ ಓಡಾಡಿಕೊಂಡು ಇದ್ದರೆ ಒಂದೆರಡು ದಿನ ತಡವಾದರೆ ಅಪಾಯವಿಲ್ಲ. ತಿಂಗಳುಗಟ್ಟಲೆ ಮೆಲ್ಲಗೆ ಇಳಿದಿದ್ದಕ್ಕೆ ದೇಹ ಹೊಂದಿಕೊಂಡಿರುತ್ತದೆ. ಆದರೆ ಕೂತಲ್ಲೇ ಏದುಸಿರು, ಎದೆನೋವು, ತಲೆ ಸುತ್ತಿ ಬೀಳುವುದು, ನಿಲ್ಲದ ರಕ್ತಸ್ರಾವ, ಟಾರಿನ ಹಾಗೆ ಕಪ್ಪಗೆ ಅಂಟಂಟಾದ ಮಲ ಇವುಗಳಲ್ಲಿ ಒಂದಿದ್ದರೂ ಅಂಕಿ ಎಷ್ಟೇ ಇರಲಿ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗುತ್ತಿರುವವರಿಗೂ ಮಲ ಕಪ್ಪಾಗುತ್ತದೆ. ಅದು ಸಾಮಾನ್ಯವಾಗಿ ಅಂಟಾಗಿರುವುದಿಲ್ಲ, ವಿಪರೀತ ವಾಸನೆಯೂ ಇರುವುದಿಲ್ಲ.

ಅಂಕಿ ನಿಜಕ್ಕೂ ಜೀವಕ್ಕೆ ಅಪಾಯ ಅನ್ನುವಷ್ಟು ಕೆಟ್ಟಿದ್ದರೆ ಒಳ್ಳೆಯ ಲ್ಯಾಬ್‌ಗಳು ರಿಪೋರ್ಟ್ ಕಳಿಸಿ ಸುಮ್ಮನಾಗುವುದಿಲ್ಲ, ಫೋನ್ ಮಾಡುತ್ತವೆ. ಆದ್ದರಿಂದ ಬುಕ್ ಮಾಡುವಾಗ ಕೊಟ್ಟ ನಂಬರ್ ಯಾರದ್ದು ಅಂತ ನೋಡಿಕೊಳ್ಳಿ. ಬೆಂಗಳೂರಿನಲ್ಲಿರುವ ಮಗ ಮೀಟಿಂಗ್‌ನಲ್ಲಿ ಫೋನ್ ಕಟ್ ಮಾಡಿದರೆ ಆ ಕರೆ ಅಮ್ಮನಿಗೆ ಮುಟ್ಟುವುದಿಲ್ಲ.

## ಮುಂದಿನ ರಿಪೋರ್ಟ್ ಓದುವಾಗ

ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು ಅನ್ನಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೊಳ್ಳುವುದಿಲ್ಲ, ನಡುವೆ ಒಂದೆರಡು ಗಂಟೆ ಬಿಡಬೇಕು. ಮರುಪರೀಕ್ಷೆಯನ್ನು ಆದಷ್ಟು ಅದೇ ಲ್ಯಾಬ್‌ನಲ್ಲಿ ಮಾಡಿಸಿ. ವಾರಕ್ಕೇ ಹೋಗಿ ಮತ್ತೆ ರಕ್ತ ಕೊಡುವುದರಿಂದ ಗೊಂದಲವೇ ಜಾಸ್ತಿ. ಇವತ್ತು 9.8, ಮೊನ್ನೆ ಇನ್ನೊಂದು ಕಡೆ 10.1 ಬಂದಿತ್ತು ಅಂದರೆ ಇಳಿದಿದೆ ಅಂತ ಅರ್ಥವಲ್ಲ. ಅರ್ಧ ಗ್ರಾಂ ಒಳಗಿನ ಏರಿಳಿತ ಯಂತ್ರದಿಂದ, ನೀರು ಕುಡಿದದ್ದರಿಂದ, ಕೂತು ಕೊಟ್ಟರೋ ಮಲಗಿ ಕೊಟ್ಟರೋ ಅನ್ನುವುದರಿಂದಲೂ ಬರುತ್ತದೆ.

ಮಾತ್ರೆ ಕೆಲಸ ಮಾಡುತ್ತಿದ್ದರೆ ಮೂರು ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರಬೇಕು. 9.8 ಇದ್ದದ್ದು 11.5ರ ಆಸುಪಾಸಿಗೆ ಬಂದರೆ ದಾರಿ ಸರಿಯಿದೆ. ಏನೂ ಏರಿಲ್ಲ ಅಂದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಅಥವಾ ಮೈ ಹೀರಿಕೊಳ್ಳುತ್ತಿಲ್ಲ, ಅಥವಾ ತುಂಬಿಸಿದಷ್ಟೂ ಎಲ್ಲೋ ಸೋರುತ್ತಿದೆ, ಅಥವಾ ಕಾರಣವೇ ಬೇರೆ. ಹಿಮೋಗ್ಲೋಬಿನ್ 12 ದಾಟಿದ ಕೂಡಲೇ ಮಾತ್ರೆ ನಿಲ್ಲಿಸುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಆ ಹೊತ್ತಿಗೆ ಫೆರಿಟಿನ್ ಇನ್ನೂ ತುಂಬಿರುವುದಿಲ್ಲ. ಅದಕ್ಕೇ ಡಾಕ್ಟರು ಆಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ.

ಆ ಎರಡನೇ ರಿಪೋರ್ಟ್‌ನಲ್ಲೂ ಕೆಂಪು ಇರುತ್ತದೆ. ಹಿಮೋಗ್ಲೋಬಿನ್ 11.6, ಇನ್ನೂ `L`. ಎಂಸಿವಿ 77, ಇನ್ನೂ `L`. ಆರ್‌ಡಿಡಬ್ಲ್ಯೂ ಮಾತ್ರ 17.6 ಇದ್ದದ್ದು 21ಕ್ಕೆ ಏರಿರಬಹುದು. ಯಾರಾದರೂ "ಅಯ್ಯೋ, ಇದು ಇನ್ನೂ ಜಾಸ್ತಿಯಾಗಿದೆ" ಅಂತ ಮತ್ತೆ ಫೋಟೋ ಕಳಿಸುತ್ತಾರೆ. ಕಬ್ಬಿಣ ಸಿಕ್ಕಿದ ಮೇಲೆ ಹುಟ್ಟಿದ ದೊಡ್ಡ ಕಣಗಳು, ಕೊರತೆಯ ಕಾಲದಲ್ಲಿ ಹುಟ್ಟಿದ ಸಣ್ಣ ಕಣಗಳ ಜೊತೆ ಈಗ ಒಂದೇ ರಕ್ತದಲ್ಲಿವೆ. ಗಾತ್ರದ ಅಂತರ ಹೆಚ್ಚಿದೆ, ಅದಕ್ಕೇ ಅಂಕಿ ಏರಿದೆ. ಹಳೇ ಸಣ್ಣ ಕಣಗಳ 120 ದಿನ ಮುಗಿಯುತ್ತಾ ಬಂದ ಹಾಗೆ ಅದು ಇಳಿಯುತ್ತದೆ.